ಮೈನಸ್ ಕನ್ನಡಕ ತೆಗೆದರೆ ಓದಲು ಸಲೀಸಾಗುತ್ತಿದೆ: ನನ್ನ ದೋಷ ವಾಸಿಯಾಗುತ್ತಿದೆಯೇ?

ಕರಡು ತಿದ್ದುವವ

ನನಗೆ 46 ವರ್ಷ. ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಪಿಯುಸಿಯಲ್ಲಿದ್ದಾಗ ಸಮೀಪದೃಷ್ಟಿ ದೋಷ ಇದೆ ಎಂದು ಕನ್ನಡಕ ಬಂತು. ಹತ್ತು ವರ್ಷಗಳಿಂದ ಎರಡೂ ಕಣ್ಣಿಗೆ ಮೈನಸ್ 2.50, ಸಿಲಿಂಡರ್ ಇಲ್ಲ.

ಕಳೆದ ದೀಪಾವಳಿಯ ಹೊತ್ತಿನಿಂದ ಒಂದು ವಿಚಿತ್ರ ಶುರುವಾಗಿದೆ. ಕನ್ನಡಕ ಹಾಕಿಕೊಂಡು ಕರಡನ್ನು ಮಾಮೂಲಿನಂತೆ ಹಿಡಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ತ ಒತ್ತೋ ನ ಒತ್ತೋ ಎಂದು ಅನುಮಾನ ಬರುತ್ತದೆ. ಕನ್ನಡಕವನ್ನು ಹಣೆಗೇರಿಸಿದರೆ ಅದೇ ಸಾಲು ಕೆತ್ತಿದ ಹಾಗೆ ಕಾಣುತ್ತದೆ. ಸಹೋದ್ಯೋಗಿಯೊಬ್ಬರು, "ವಯಸ್ಸಾದ ಮೇಲೆ ಪ್ಲಸ್ ಬರುತ್ತದೆ, ಅದು ನಿಮ್ಮ ಮೈನಸ್ಸನ್ನು ತಿಂದುಹಾಕುತ್ತಿದೆ, ಇನ್ನು ನಾಲ್ಕು ವರ್ಷಕ್ಕೆ ಕನ್ನಡಕವೇ ಬೇಡ" ಎಂದರು. ಕನ್ನಡಕದ ಅಂಗಡಿಯಲ್ಲಿ ಪರೀಕ್ಷಿಸಿ "ಓದಲು ಪ್ಲಸ್ 1.25 ಬಂದಿದೆ" ಎಂದು ಚೀಟಿ ಕೊಟ್ಟರು. ಖರ್ಚು ಉಳಿಯಲಿ ಎಂದು ನಾನು ಬೇರೊಂದು ಕಡೆ ಸಿದ್ಧವಾಗಿ ಸಿಗುವ ಪ್ಲಸ್ 1.25ರ ಕನ್ನಡಕವನ್ನೇ ಕೊಂಡು, ಹಳೆಯದನ್ನು ತೆಗೆದಿಟ್ಟು ಇದನ್ನು ಹಾಕಿಕೊಂಡೆ. ಈಗ ಹಾಳೆಯನ್ನು ಮೂಗಿನ ಬುಡಕ್ಕೆ ತಂದರೆ ಮಾತ್ರ ಅಕ್ಷರ ಕಾಣುತ್ತದೆ. ಓದಲು ಕೊಟ್ಟ ಪವರ್ ಓದನ್ನೇ ಏಕೆ ಕೆಡಿಸಿತು? ಇದು ನನ್ನ ಅನ್ನದ ಪ್ರಶ್ನೆ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಬಿಎಸ್ಸಿ ಎರಡನೇ ವರ್ಷ

ಸರ್, ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿಯೆನಿಸುತ್ತದೆ. ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಬಿಂಬ ಅಕ್ಷಿಪಟಲದ ಮುಂದೆಯೇ ಬೀಳುತ್ತದೆ, ಅದಕ್ಕೆ ನಿಮ್ನ ಮಸೂರ ಬೇಕು. ವಯಸ್ಸಾದಾಗ ಕಣ್ಣಿನ ಸ್ನಾಯು ದುರ್ಬಲವಾಗಿ ಬಿಂಬ ಹಿಂದಕ್ಕೆ ಸರಿಯುತ್ತದೆ, ಅದಕ್ಕೆ ಪೀನ ಮಸೂರ ಬೇಕು. ಮೈನಸ್ 2.50ಕ್ಕೆ ಪ್ಲಸ್ 1.25 ಕೂಡಿಸಿದರೆ ಮೈನಸ್ 1.25. ಅಂದರೆ ದೋಷ ಅರ್ಧ ಇಳಿದಿದೆ ಎಂದಲ್ಲವೇ?

ಮಸೂರ ಪೆಟ್ಟಿಗೆ

ನಾನು ಇಪ್ಪತ್ತೆರಡು ವರ್ಷಗಳಿಂದ ದೃಷ್ಟಿ ಪರೀಕ್ಷೆ ಮಾಡುತ್ತಿರುವವಳು. ಕರಡು ತಿದ್ದುವವರಂಥ ಪ್ರಶ್ನೆ ವಾರಕ್ಕೆ ಮೂರು ನಾಲ್ಕು ಸಲವಾದರೂ ನನ್ನ ಕುರ್ಚಿಯ ಮುಂದೆ ಬರುತ್ತದೆ.

ತಮ್ಮಾ, ನಿನ್ನ ಕೂಡುವ ಲೆಕ್ಕ ಸರಿಯಾಗಿದೆ, ಅದರಿಂದ ತೆಗೆದ ಅರ್ಥ ತಪ್ಪಾಗಿದೆ. ಆ ಮೈನಸ್ 1.25 ಎನ್ನುವುದು ಅವರ ಕಣ್ಣಿನ ಈಗಿನ ದೋಷವಲ್ಲ, ಅವರು ಓದುವಾಗ ಹಾಕಿಕೊಳ್ಳಬೇಕಾದ ಗಾಜು. ದೂರಕ್ಕೆ ಅವರಿಗೆ ಇವತ್ತಿಗೂ ಮೈನಸ್ 2.50 ಬೇಕು, ಅರವತ್ತಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತದೆ. ಪ್ಲಸ್ಸು ಮೈನಸ್ಸನ್ನು ತಿನ್ನುವುದಿಲ್ಲ. ಎರಡಕ್ಕೂ ಕಾರಣ ಬೇರೆ, ಜಾಗ ಬೇರೆ.

ಪ್ರತಿ ಕಣ್ಣಿನ ಮುಂದೆ ಒಂದು ಅಂಗಳ ಇದೆ ಎಂದುಕೊಳ್ಳಿ. ಅದರೊಳಗಿನದು ಸ್ಪಷ್ಟ, ಹೊರಗಿನದು ಮಸುಕು. ಅಂಗಳದ ಆಚೆಯ ಅಂಚು ಎಲ್ಲಿದೆ ಎಂಬುದನ್ನು ಕಣ್ಣುಗುಡ್ಡೆಯ ಉದ್ದ ಮತ್ತು ಕಾರ್ನಿಯಾದ ಬಾಗು ತೀರ್ಮಾನಿಸುತ್ತವೆ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಹೆಚ್ಚುಕಡಿಮೆ ಎರಡೂವರೆ ಡಯಾಪ್ಟರ್ ಸಮೀಪದೃಷ್ಟಿ ಬರುತ್ತದೆ. ಚೀಟಿಯಲ್ಲಿ ಬರೆಯುವ ಪವರ್‌ನ ಅಳತೆಯೇ ಡಯಾಪ್ಟರ್. ಈ ಸರ್ ಅವರದು ಬಹುಶಃ ಅಷ್ಟೇ ವ್ಯತ್ಯಾಸದ ಕಣ್ಣು. ಬೆಳೆದ ಆ ಉದ್ದ ವಯಸ್ಸಾಯಿತೆಂದು ಕುಗ್ಗುವುದಿಲ್ಲ.

ಅಂಗಳದ ಈಚೆಯ ಅಂಚನ್ನು ತೀರ್ಮಾನಿಸುವುದು ಕಣ್ಣೊಳಗಿನ ಮಸೂರ ಎಷ್ಟು ಉಬ್ಬಬಲ್ಲದು ಎಂಬ ಶಕ್ತಿ. ಅದು ಚಿಕ್ಕ ಮಕ್ಕಳಲ್ಲಿ ಹನ್ನೆರಡು, ಹದಿನಾಲ್ಕು ಡಯಾಪ್ಟರ್ ಇರುತ್ತದೆ. ನಲವತ್ತೈದರ ಸುಮಾರಿಗೆ ನಾಲ್ಕರ ಆಸುಪಾಸಿಗೆ ಇಳಿದಿರುತ್ತದೆ, ಅರವತ್ತರ ಹೊತ್ತಿಗೆ ಹೆಸರಿಗಷ್ಟೇ ಉಳಿದಿರುತ್ತದೆ. ನಮ್ಮ ಹಿರಿಯರು ಇದನ್ನೇ ಚಾಳೀಸು ಬಂತು ಎನ್ನುತ್ತಿದ್ದರು. ಅಂಗಳ ಎಲ್ಲಿದೆ ಎಂಬುದು ಒಂದು ವಿಷಯ, ಅಂಗಳ ಕಿರಿದಾಯಿತು ಎಂಬುದು ಇನ್ನೊಂದು. ಕನ್ನಡಕ ಅಂಗಳವನ್ನು ಆಚೆ ಈಚೆ ಸರಿಸಬಲ್ಲದು, ಕಳೆದುಹೋದ ಶಕ್ತಿಯನ್ನು ಮರಳಿ ತರಲಾರದು.

ಸ್ನಾಯು ದುರ್ಬಲವಾಗುತ್ತದೆ ಎಂದು ಪುಸ್ತಕಗಳಲ್ಲಿ ಇರುವುದುಂಟು. ಮುಖ್ಯ ಕಾರಣ ಮಸೂರವೇ ಗಟ್ಟಿಯಾಗುವುದು. ಮಸೂರದ ಸುತ್ತ ಉಂಗುರದಂತೆ ಸಿಲಿಯರಿ ಸ್ನಾಯು ಇದೆ, ಉಂಗುರದಿಂದ ಮಸೂರಕ್ಕೆ ನವಿರಾದ ಎಳೆಗಳಿವೆ. ದೂರ ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ಎಳೆಗಳು ಬಿಗಿಯಾಗಿ ಮಸೂರವನ್ನು ಚಪ್ಪಟೆಯಾಗಿ ಎಳೆದಿಟ್ಟಿರುತ್ತವೆ. ಹತ್ತಿರ ನೋಡುವಾಗ ಸ್ನಾಯು ಬಿಗಿದು, ಸಂಚಿಯ ಬಾಯಿದಾರ ಎಳೆದಂತೆ ಉಂಗುರ ಕಿರಿದಾಗುತ್ತದೆ. ಆಗ ಎಳೆಗಳು ಸಡಿಲವಾಗಿ ಮಸೂರ ತಾನಾಗಿ ಉಬ್ಬುತ್ತದೆ. ನಲವತ್ತು ದಾಟಿದ ಮೇಲೂ ಸ್ನಾಯು ಬಿಗಿಯುತ್ತದೆ, ಎಳೆಗಳೂ ಸಡಿಲವಾಗುತ್ತವೆ. ಆದರೆ ಗಟ್ಟಿಯಾದ ಮಸೂರ ಮೊದಲಿನಷ್ಟು ಉಬ್ಬುವುದಿಲ್ಲ. ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುತ್ತದೆ ಎನ್ನುವವರನ್ನು ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಕರಡು ತಿದ್ದುವವರೇ, ಎರಡು ಅಳತೆ ಮಾಡಿ ತಿಳಿಸಿ. ಹೊಲಿಗೆಯ ಟೇಪು ಸಾಕು. ಒಂದು ಕಣ್ಣು ಮುಚ್ಚಿ, ಕನ್ನಡಕವಿಲ್ಲದೆ, ಪತ್ರಿಕೆಯ ಸಣ್ಣ ಅಕ್ಷರವನ್ನು ದೂರ ಒಯ್ಯುತ್ತಾ ಹೋಗಿ. ಮಸುಕು ಶುರುವಾಗುವ ಜಾಗ ಕಣ್ಣಿನಿಂದ ಎಷ್ಟು ಸೆಂಟಿಮೀಟರ್? ಆಮೇಲೆ ಮೈನಸ್ ಕನ್ನಡಕ ಹಾಕಿಕೊಂಡು ಅದೇ ಅಕ್ಷರವನ್ನು ಹತ್ತಿರ ತನ್ನಿ. ಎಷ್ಟು ಹತ್ತಿರದಲ್ಲಿ ಮಸುಕಾಗುತ್ತದೆ? ಮನೆಯ ಮಾಮೂಲಿ ಬೆಳಕಿನಲ್ಲೇ ಮಾಡಿ. ಬಿಸಿಲಿನಲ್ಲಿ ಪಾಪೆ ಕಿರಿದಾಗಿ ಅಕ್ಷರ ಇನ್ನೂ ಹತ್ತಿರದವರೆಗೆ ಕಾಣುತ್ತದೆ, ಇಲ್ಲದ ಶಕ್ತಿ ಇದ್ದಂತೆ ಅನಿಸುತ್ತದೆ.

ನಿವೃತ್ತ ಮೇಷ್ಟ್ರು

ಹುಡುಗನಿಗೆ ಒಂದು ಮಾತು ಸೇರಿಸುತ್ತೇನೆ. ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಕೆಲಸವೆಲ್ಲ ಮಸೂರದ್ದೇ ಎಂದು ನಾನೇ ಹಲವು ವರ್ಷ ಪಾಠ ಮಾಡಿದ್ದೆ. ಅದು ತಪ್ಪು. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ನಲವತ್ತಕ್ಕೂ ಹೆಚ್ಚು ಮುಂದಿನ ಪಾರದರ್ಶಕ ಕಾರ್ನಿಯಾದ್ದು. ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಎಲ್ಲವೂ ಮಸುಕಾಗುವುದನ್ನು ಈಜು ಬಲ್ಲವರೆಲ್ಲ ಕಂಡಿರುತ್ತಾರೆ. ನೀರಿನ ವಕ್ರೀಭವನಾಂಕ ಕಾರ್ನಿಯಾದ ಹತ್ತಿರದ್ದೇ ಆದ್ದರಿಂದ ಅಲ್ಲಿ ಬೆಳಕು ಬಾಗುವುದು ಬಹುಪಾಲು ನಿಂತುಹೋಗುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಇದೇ ತಂತ್ರವನ್ನು ತನ್ನ ಕಣ್ಣಿನ ಮೇಲೆಯೇ ಪ್ರಯೋಗಿಸಿ 1801ರಲ್ಲಿ ಪ್ರಕಟಿಸಿದ. ಹತ್ತಿರ ನೋಡುವಾಗ ಬದಲಾಗುವುದು ಕಾರ್ನಿಯಾವೋ ಮಸೂರವೋ ಎಂಬ ವಾದ ಆಗ ನಡೆದಿತ್ತು. ಆತ ನೀರು ತುಂಬಿದ ಪುಟ್ಟ ಕೊಳವೆಯನ್ನು ಕಣ್ಣಿಗೆ ಒತ್ತಿಕೊಂಡು, ಕಾರ್ನಿಯಾದ ಶಕ್ತಿಯನ್ನು ಇಲ್ಲವಾಗಿಸಿ, ಅದರ ಬದಲು ಕೊಳವೆಯ ತುದಿಗೆ ಗಾಜಿನ ಮಸೂರ ಇಟ್ಟುಕೊಂಡ. ಆಗಲೂ ಕಣ್ಣು ಹತ್ತಿರಕ್ಕೆ ಹೊಂದಿಕೊಳ್ಳುತ್ತಲೇ ಇತ್ತು. ಹಾಗಾದರೆ ಆ ಕೆಲಸ ಕಾರ್ನಿಯಾದ್ದಲ್ಲ. ಇಷ್ಟು ಸರಳವಾದ, ಇಷ್ಟು ಧೈರ್ಯದ ಪ್ರಯೋಗವನ್ನು ನೆನೆದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಕರಡು ತಿದ್ದುವವ

ಅಳೆದೆ, ಮೇಡಂ. ಕನ್ನಡಕವಿಲ್ಲದೆ ಬಲಗಣ್ಣಿಗೆ 40 ಸೆಂಟಿಮೀಟರ್‌ನಲ್ಲಿ ಮಸುಕು ಶುರು, ಎಡಕ್ಕೆ 41. ಕನ್ನಡಕ ಹಾಕಿಕೊಂಡರೆ ಎರಡಕ್ಕೂ 28ರಿಂದ ಈಚೆ ಓದಲಾಗುವುದಿಲ್ಲ. ಕರಡನ್ನು ನಾನು ಹಿಡಿಯುವುದು 35ರ ಸುಮಾರಿಗೆ. ಹಾಗಿದ್ದರೆ 28 ಇನ್ನೂ ಈಚೆಗೇ ಇದೆಯಲ್ಲ, 35ರಲ್ಲಿ ಏಕೆ ಮಸುಕಾಗಬೇಕು?

ಮಸೂರ ಪೆಟ್ಟಿಗೆ

ಅಳತೆ ಚೆನ್ನಾಗಿ ಬಂದಿದೆ. 100ನ್ನು ಸೆಂಟಿಮೀಟರ್‌ನಿಂದ ಭಾಗಿಸಿದರೆ ಡಯಾಪ್ಟರ್. 100ನ್ನು 40ರಿಂದ ಭಾಗಿಸಿದರೆ 2.50. ನಿಮ್ಮ ಚೀಟಿಯಲ್ಲಿರುವ ಸಂಖ್ಯೆಯೇ ಟೇಪಿನಲ್ಲಿ ಸಿಕ್ಕಿತು. ನಿಮ್ಮ ದೋಷ ಒಂದಿಷ್ಟೂ ವಾಸಿಯಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. 28ರಿಂದ ಭಾಗಿಸಿದರೆ ಸುಮಾರು ಮೂರೂವರೆ. ಅದು ನಿಮ್ಮ ಮಸೂರದಲ್ಲಿ ಉಳಿದಿರುವ ಶಕ್ತಿ, ವಯಸ್ಸಿಗೆ ಸಹಜವಾದದ್ದೇ.

35ರಲ್ಲಿ ಓದಲು ಬೇಕಾದ ಶಕ್ತಿ 2.9. ಇರುವ ಮೂರೂವರೆಯಲ್ಲಿ ಇದು ಸಿಗುತ್ತದೆ, ಆದರೆ ಒಂದು ನಿಮಿಷಕ್ಕೆ ಮಾತ್ರ. ಇಪ್ಪತ್ತು ಕಿಲೋ ಎತ್ತಬಲ್ಲವನು ಹದಿನೆಂಟು ಕಿಲೋ ಹೊತ್ತು ದಿನವಿಡೀ ನಡೆಯಲಾರ, ಹಾಗೆ. ಇರುವ ಶಕ್ತಿಯಲ್ಲಿ ಅರ್ಧವನ್ನು ಕಾದಿಟ್ಟು ಉಳಿದರ್ಧದಲ್ಲಿ ಕೆಲಸ ಮಾಡಿಸಬೇಕು ಎಂಬುದು ನಮ್ಮ ವೃತ್ತಿಯ ರೂಢಿ. ನಿಮ್ಮ ಅರ್ಧ 1.75. ಬೇಕಾದ್ದು 2.9. ಕೊರತೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಗಾಜು ಕಾಲು ಕಾಲು ಡಯಾಪ್ಟರ್ ಅಂತರದಲ್ಲಿ ಸಿಗುವುದರಿಂದ ಅಂಗಡಿಯವರು 1.25 ಬರೆದಿದ್ದಾರೆ. ಅವರ ಪರೀಕ್ಷೆ ಸರಿಯಾಗಿಯೇ ಇದೆ.

ಎಡವಟ್ಟಾದದ್ದು ಚೀಟಿಯನ್ನು ಓದುವಲ್ಲಿ. ಅದರಲ್ಲಿ "ಆ್ಯಡ್" ಎಂದು ಬರೆದಿರುತ್ತದೆ. ದೂರದ ಪವರ್‌ಗೆ ಅಷ್ಟನ್ನು ಕೂಡಿಸಿ ಎಂದು ಅದರ ಅರ್ಥ. ಮೈನಸ್ 2.50ಕ್ಕೆ ಪ್ಲಸ್ 1.25 ಕೂಡಿಸಿದರೆ ನಿಮ್ಮ ಓದುವ ಕನ್ನಡಕ ಮೈನಸ್ 1.25. ನೀವು ಮೈನಸ್ಸನ್ನು ಪೂರ್ತಿ ತೆಗೆದು, ಮೇಲೆ ಪ್ಲಸ್ ಸೇರಿಸಿದಿರಿ. ಮೊದಲೇ ಎರಡೂವರೆ ಡಯಾಪ್ಟರ್ ಹೆಚ್ಚಿದ್ದ ಕಣ್ಣಿಗೆ ಇನ್ನೂ ಒಂದೂಕಾಲು ಕೊಟ್ಟಂತಾಯಿತು. ಒಟ್ಟು 3.75. ಅಂಗಳದ ಆಚೆಯ ಅಂಚು 27 ಸೆಂಟಿಮೀಟರಿಗೆ ಬಂದು ನಿಂತಿತು. ಹಾಳೆ ಮೂಗಿನ ಬಳಿಗೆ ಬಂದದ್ದು ಇದರಿಂದ. ಕಣ್ಣಿಗೆ ಇದರಿಂದ ಹಾನಿಯೇನೂ ಆಗಿರುವುದಿಲ್ಲ, ಹೆದರಬೇಡಿ.

ಈಗ ನಿಮ್ಮ ಅಂಗಳಗಳನ್ನು ನೋಡಿ. ಕನ್ನಡಕವಿಲ್ಲದೆ 17ರಿಂದ 40 ಸೆಂಟಿಮೀಟರ್, ಕರಡು ಅದರೊಳಗೇ ಬರುತ್ತದೆ. ಹಳೆಯ ಕನ್ನಡಕದಲ್ಲಿ 28ರಿಂದ ದಿಗಂತದವರೆಗೆ, ಆದರೆ ಈಚೆಯ ಅಂಚಿನ ಬಳಿ ಶ್ರಮ. ಮೈನಸ್ 1.25 ಹಾಕಿದರೆ 21ರಿಂದ 80. ಕಂಪ್ಯೂಟರ್ ಪರದೆ 60ರಲ್ಲಿದ್ದರೆ ಅದೂ ಕರಡೂ ಎರಡೂ ಒಂದೇ ಗಾಜಿನಲ್ಲಿ ಸಿಗುತ್ತವೆ. ಅದನ್ನು ಹಾಕಿಕೊಂಡು ಬೈಕ್ ಮಾತ್ರ ಓಡಿಸಬೇಡಿ.

ಅಡಿಕೆ ತೋಟ

ನನ್ನದೂ ಇದೇ ತೊಂದರೆ ಇರಬಹುದು. 41 ವರ್ಷ, ಈವರೆಗೆ ಕನ್ನಡಕವನ್ನೇ ಕಂಡವನಲ್ಲ. ಮರದ ತುದಿಯ ಗೊನೆಗೆ ಕೊಳೆ ತಾಗಿದ್ದರೆ ಕೆಳಗಿನಿಂದಲೇ ಗುರುತಿಸುತ್ತೇನೆ. ಈಗ ಔಷಧದ ಡಬ್ಬಿಯ ಮೇಲಿನ ಬರಹ ಓದಲು ಆಗುತ್ತಿಲ್ಲ, ಸಂಜೆಗೆ ತಲೆನೋವು. ಪರೀಕ್ಷೆ ಮಾಡಿಸಿದರೆ ದೂರಕ್ಕೂ ಪ್ಲಸ್ 1.00 ಬರೆದಿದ್ದಾರೆ. ದೂರ ಇಷ್ಟು ಚೆನ್ನಾಗಿ ಕಾಣುವವನಿಗೆ ದೂರದ ಕನ್ನಡಕ ಏಕೆ? ವ್ಯಾಪಾರಕ್ಕಾಗಿ ಬರೆದದ್ದು ಎಂದು ನನ್ನ ಅನುಮಾನ.

ಮಸೂರ ಪೆಟ್ಟಿಗೆ

ನಿಮ್ಮದು ಅದಲ್ಲ, ಅದರ ತಿರುವುಮುರುವು. ನಿಮ್ಮ ಕಣ್ಣು ಉದ್ದ ಕಡಿಮೆಯದು, ದೂರದೃಷ್ಟಿ ದೋಷದ್ದು. ಈ ಹೆಸರೇ ಎಷ್ಟು ಜನರ ದಾರಿ ತಪ್ಪಿಸಿದೆಯೋ! ದೂರದ ಬಿಂಬವೂ ಅಕ್ಷಿಪಟಲದ ಹಿಂದೆ ಬೀಳಬೇಕಾದ ಕಣ್ಣು ಅದು. ಬಾಲ್ಯದಿಂದಲೂ ನಿಮ್ಮ ಮಸೂರ ಒಂದು ಡಯಾಪ್ಟರ್ ಉಬ್ಬಿ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತಿತ್ತು, ನಿಮಗೆ ತಿಳಿಯದಂತೆ. ಶಕ್ತಿ ಹೇರಳವಾಗಿದ್ದಾಗ ಆ ಖರ್ಚು ಲೆಕ್ಕಕ್ಕೆ ಬರಲಿಲ್ಲ. ಈಗ ನಿಮ್ಮಲ್ಲಿ ಐದು ಡಯಾಪ್ಟರ್ ಉಳಿದಿದೆ ಎಂದುಕೊಳ್ಳೋಣ. 40 ಸೆಂಟಿಮೀಟರ್‌ನಲ್ಲಿ ಓದಲು ಎರಡೂವರೆ ಬೇಕು, ಅದಕ್ಕೆ ಮೊದಲೇ ದೂರದ ಬಾಬ್ತು ಒಂದು ಹೋಗಿದೆ. ಒಟ್ಟು ಮೂರೂವರೆ, ಅರ್ಧಕ್ಕಿಂತ ಹೆಚ್ಚು. ಚಾಳೀಸು ನಿಮಗೆ ಬೇಗ ಬಂದಂತೆ ಕಾಣುವುದೂ ಸಂಜೆಯ ತಲೆನೋವೂ ಇದರಿಂದ ಇರಬಹುದು.

ಮೋಸವೋ ನಿಜವೋ ತಿಳಿಯಲು ಒಂದು ದಾರಿ ಇದೆ. ಪ್ಲಸ್ 1.00ರ ಗಾಜನ್ನು ಕಣ್ಣಿಗೆ ಹಿಡಿದು ಮರದ ತುದಿ ನೋಡಿ. ದೋಷವಿಲ್ಲದ ಕಣ್ಣಿಗೆ ಅದರ ಮೂಲಕ ಒಂದು ಮೀಟರ್ ಆಚೆಯದೆಲ್ಲ ಮಸುಕಾಗಬೇಕು. ನಿಮಗೆ ಮೊದಲಿನಂತೆಯೇ ಕಂಡರೆ, ಗಾಜಿನ ಕೆಲಸವನ್ನು ಇಷ್ಟು ದಿನ ಕಣ್ಣೇ ಮಾಡುತ್ತಿತ್ತು ಎಂದರ್ಥ. ಮೊದಲ ಕೆಲವು ನಿಮಿಷ ಮಸುಕು ಇರಬಹುದು, ದುಡಿದು ಅಭ್ಯಾಸವಾದ ಸ್ನಾಯು ಸಡಿಲಾಗಲು ಹೊತ್ತು ಬೇಕು. ಮಕ್ಕಳಲ್ಲಿ ಈ ಬಿಗಿತ ಬಹಳ ಇರುತ್ತದೆ, ಆದ್ದರಿಂದಲೇ ಅವರಿಗೆ ಹನಿ ಹಾಕಿ ಸ್ನಾಯುವನ್ನು ತಾತ್ಕಾಲಿಕವಾಗಿ ಸುಮ್ಮನಿರಿಸಿ ಪರೀಕ್ಷೆ ಮಾಡುವುದು.

ಕೊಡಗಿನ ಮಳೆ

ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು. ನನ್ನ ತಾಯಿಗೆ 68. ಇಪ್ಪತ್ತು ವರ್ಷ ಚಾಳೀಸು ಕನ್ನಡಕ ಹಾಕಿದವರು ಈ ವರ್ಷ ಅದನ್ನು ತೆಗೆದಿಟ್ಟು ಬರಿಗಣ್ಣಿನಲ್ಲಿ ಪುರಾಣ ಓದುತ್ತಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅಂದರೆ ಮಸೂರ ಮತ್ತೆ ಮೃದುವಾಗುವುದೂ ಉಂಟಲ್ಲವೇ?

ಮಸೂರ ಪೆಟ್ಟಿಗೆ

ಅಮ್ಮನನ್ನು ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ದೂರದ ಮುಖ, ಬಸ್ಸಿನ ಫಲಕ ಈಚೆಗೆ ಮಸುಕೇ ಎಂದು ಕೇಳಿ ನೋಡಿ. ಮಸೂರದ ನಡುಭಾಗದಲ್ಲಿ ಪೊರೆ ಬರುವಾಗ ಅದು ಇನ್ನೂ ದಟ್ಟವಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಕಣ್ಣು ಆಗ ಹೊಸದಾಗಿ ಸಮೀಪದೃಷ್ಟಿಗೆ ತಿರುಗುತ್ತದೆ. ಓದು ಸಿಕ್ಕಿದೆ, ದೂರ ಹೋಗಿದೆ, ಅಷ್ಟೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗಲೂ ಮಸೂರ ಉಬ್ಬಿ ಹೀಗಾಗುತ್ತದೆ, ಅದು ಕೆಲವೇ ದಿನಗಳಲ್ಲಿ ಆಗಬಹುದು. ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಕರಡು ತಿದ್ದುವವರಿಗೂ ಇವರ ತಾಯಿಗೂ ಇರುವ ವ್ಯತ್ಯಾಸ ಇಲ್ಲಿದೆ: ಅವರಿಗೆ ಹಳೆಯ ಕನ್ನಡಕದಲ್ಲಿ ದೂರ ಇಂದಿಗೂ ಮೊದಲಿನಂತೆಯೇ ಕಾಣುತ್ತದೆ.

ಶಾಲಾ ಬಸ್ ಅಮ್ಮ

ನನ್ನ ಮಗಳಿಗೆ 9 ವರ್ಷ, ಮೈನಸ್ 1.75. ಪೂರ್ತಿ ಪವರ್ ಕೊಟ್ಟರೆ ಕಣ್ಣು ಸೋಮಾರಿಯಾಗಿ ನಂಬರ್ ಏರುತ್ತದೆ, ಸ್ವಲ್ಪ ಕಡಿಮೆಯದನ್ನೇ ಹಾಕಿಸಿ ಎಂದು ನಮ್ಮ ಅತ್ತೆ ಹೇಳುತ್ತಾರೆ. ಹಾಗೆ ಮಾಡಿದ್ದೇನೆ.

ನಿವೃತ್ತ ಮೇಷ್ಟ್ರು

ನಮ್ಮ ಕಾಲದಲ್ಲಿ ವೈದ್ಯರೇ ಹಾಗೆ ಬರೆದುಕೊಡುತ್ತಿದ್ದರು, ತಾಯಿ. ಅದರಲ್ಲಿ ತರ್ಕವೂ ಇದೆಯಲ್ಲವೇ? ಕಡಿಮೆ ಮೈನಸ್ ಇದ್ದರೆ ಓದುವಾಗ ಮಸೂರಕ್ಕೆ ಶ್ರಮ ಕಡಿಮೆ.

ಮಸೂರ ಪೆಟ್ಟಿಗೆ

ತರ್ಕ ಇದೆ ಸರ್, ಪರೀಕ್ಷಿಸಿ ನೋಡಿದಾಗ ಅದು ನಿಲ್ಲಲಿಲ್ಲ. ಮಲೇಷ್ಯಾದಲ್ಲಿ ಮಕ್ಕಳನ್ನು ಎರಡು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಕೆಂದೇ ಕಡಿಮೆ ಪವರ್ ಕೊಟ್ಟ ಮಕ್ಕಳ ಸಮೀಪದೃಷ್ಟಿ ಪೂರ್ತಿ ಪವರ್ ಕೊಟ್ಟವರಿಗಿಂತ ತುಸು ಹೆಚ್ಚೇ ಏರಿತ್ತು. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲ, ಹಾಗಾಗಿ ಹಾನಿ ಖಂಡಿತ ಎಂದು ನಾನು ಹೇಳಲಾರೆ. ಆದರೆ ಲಾಭವಿದೆ ಎಂದು ನಂಬಲು ಆಧಾರ ಕಾಣೆ. ಮಗು ಕಪ್ಪು ಹಲಗೆಯನ್ನು ಮಸುಕಾಗಿ ನೋಡುತ್ತಾ ಕೂರುವುದಂತೂ ಖಂಡಿತ. ಪೂರ್ತಿ ಪವರ್ ಹಾಕಿಸಿ, ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ.

ಶಾಲಾ ಬಸ್ ಅಮ್ಮ

ಅತ್ತೆಯವರನ್ನು ಒಪ್ಪಿಸುವುದು ಕಷ್ಟ. ಮುಂದಿನ ಪರೀಕ್ಷೆಗೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ.

ಲೆನ್ಸ್ ಹಾಕುವವಳು

ನನಗೆ 44, ಮೈನಸ್ 6. ಕನ್ನಡಕದಲ್ಲಿ ಮೊಬೈಲ್ ಓದಬಲ್ಲೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ದಿನ ಕಷ್ಟ. ಲೆನ್ಸಿನ ಪವರ್ ತಪ್ಪಿದೆಯೇ?

ಮಸೂರ ಪೆಟ್ಟಿಗೆ

ತಪ್ಪಿರಲಿಕ್ಕಿಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಒಂದು ಸೆಂಟಿಮೀಟರಿಗಿಂತ ತುಸು ದೂರ ಇರುತ್ತದೆ. ದೊಡ್ಡ ಮೈನಸ್ ಗಾಜಿನಲ್ಲಿ ಆ ಅಂತರವೇ ಓದುವವರಿಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ನಿಮ್ಮ ಪವರ್‌ಗೆ 40 ಸೆಂಟಿಮೀಟರ್‌ನಲ್ಲಿ ಓದಲು ಕನ್ನಡಕದಲ್ಲಿ ಕಣ್ಣು ಸುಮಾರು 2.1 ಡಯಾಪ್ಟರ್ ಉಬ್ಬಿದರೆ ಸಾಕು, ಲೆನ್ಸಿನಲ್ಲಿ 2.4 ಬೇಕು. ಇಪ್ಪತ್ತೈದರಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರೆ ಓದು ಇನ್ನೂ ಸಲೀಸಾಗುವುದನ್ನು ಗಮನಿಸಿರಬಹುದು, ಅದೂ ಇದೇ ಕಾರಣಕ್ಕೆ.

ಕರಡು ತಿದ್ದುವವ

ನಿನ್ನೆ ಅದೇ ಅಂಗಡಿಗೆ ಹೋಗಿ ಚೀಟಿ ತೋರಿಸಿದೆ. ಪರೀಕ್ಷೆಯ ಚೌಕಟ್ಟಿನಲ್ಲಿ ಮೈನಸ್ 1.25 ಹಾಕಿ ಕೂರಿಸಿದರು. ಜೊತೆಗೆ ಒಯ್ದಿದ್ದ ಕರಡನ್ನು 35ರಲ್ಲಿ ಹಿಡಿದು ಅರ್ಧ ಗಂಟೆ ಓದಿದೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಅವರು ಪ್ರೋಗ್ರೆಸ್ಸಿವ್ ಗಾಜು ಮಾಡಿಸಿ, ದೂರ ಹತ್ತಿರ ಎರಡೂ ಒಂದರಲ್ಲೇ ಇರುತ್ತದೆ ಎನ್ನುತ್ತಾರೆ. ಬೆಲೆ ಮೂರು ಪಟ್ಟು. ನಾನು ಅಗಲವಾದ ಕರಡು ಹಾಳೆಯನ್ನು ಮೇಜಿನ ಮೇಲೆ ಹರವಿ ಅಂಚಿನಿಂದ ಅಂಚಿಗೆ ಓದುವವನು. ಅದರಲ್ಲಿ ಆಗುತ್ತದೆಯೇ?

ಅಡಿಕೆ ತೋಟ

ನನ್ನ ಭಾವ ಅದನ್ನೇ ಹಾಕುತ್ತಾರೆ, ಬಹಳ ಚೆನ್ನಾಗಿದೆ ಎನ್ನುತ್ತಾರೆ. ಅಂದ ಹಾಗೆ ಮೇಡಂ, ಅಂಗಡಿಯಲ್ಲಿ ಪ್ಲಸ್ 1.00 ಹಿಡಿದು ನೋಡಿದೆ. ಎದುರು ರಸ್ತೆಯ ಫಲಕ ಮೊದಲು ಮಂಜಾಗಿತ್ತು, ಐದು ನಿಮಿಷ ಕಳೆದ ಮೇಲೆ ಸ್ಪಷ್ಟವಾಯಿತು. ಅನುಮಾನಪಟ್ಟದ್ದಕ್ಕೆ ಅವರ ಬಳಿ ಕ್ಷಮೆ ಕೇಳಿ ಬಂದೆ.

ಮಸೂರ ಪೆಟ್ಟಿಗೆ

ನಿಮ್ಮ ಭಾವನವರ ಕೆಲಸ ಬೇರೆ ಇರಬಹುದು. ಪ್ರೋಗ್ರೆಸ್ಸಿವ್ ಗಾಜಿನ ಮೇಲ್ಭಾಗದಲ್ಲಿ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಕಿರಿದಾದ ಓಣಿ. ಓಣಿಯ ಎರಡೂ ಬದಿಯಲ್ಲಿ ಮಸುಕು ಇದ್ದೇ ಇರುತ್ತದೆ, ಎಷ್ಟು ದುಬಾರಿ ಗಾಜಾದರೂ ಅದು ಪೂರ್ತಿ ಹೋಗುವುದಿಲ್ಲ. ಅಗಲವಾದ ಹಾಳೆಗೆ ಕಣ್ಣಿನ ಬದಲು ಕತ್ತನ್ನು ತಿರುಗಿಸಬೇಕಾಗುತ್ತದೆ. ನಿಮ್ಮ ಆ್ಯಡ್ ಸಣ್ಣದಾದ್ದರಿಂದ ಬದಿಯ ಮಸುಕು ಅಷ್ಟು ಕಾಡಲಿಕ್ಕಿಲ್ಲ. ನನ್ನಲ್ಲಿಗೆ ಬರುವ ನಿಮ್ಮ ವೃತ್ತಿಯವರಲ್ಲಿ ಕೆಲವರು ಅದಕ್ಕೆ ಒಗ್ಗಿಕೊಂಡಿದ್ದಾರೆ, ಕೆಲವರು ತಿಂಗಳಲ್ಲಿ ಬಿಟ್ಟಿದ್ದಾರೆ. ಯಾರಿಗೆ ಹೊಂದುತ್ತದೆ ಎಂದು ಮೊದಲೇ ಹೇಳುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ನಾನಾಗಿದ್ದರೆ ಮೇಜಿಗೆ ಮೈನಸ್ 1.25, ದಾರಿಗೆ ಮೈನಸ್ 2.50, ಎರಡು ಬೇರೆ ಕನ್ನಡಕ ಇಟ್ಟುಕೊಳ್ಳುತ್ತಿದ್ದೆ.

ಕರಡು ತಿದ್ದುವವ

ಎರಡನ್ನೇ ಮಾಡಿಸುತ್ತೇನೆ. ಪ್ಲಸ್ 1.25ರ ಆ ಕನ್ನಡಕ ಹಾಗೇ ಇದೆ. ಪಕ್ಕದ ಮನೆಯ ಹೊಲಿಗೆಯವರು ಸೂಜಿಗೆ ದಾರ ಪೋಣಿಸಲು ಹಾಕಿ ನೋಡಿ, ಚೆನ್ನಾಗಿ ಕಾಣುತ್ತದೆ ಎಂದರು. ದೂರಕ್ಕೆ ಅವರಿಗೆ ಏನೂ ದೋಷವಿಲ್ಲವಂತೆ. ಪರೀಕ್ಷೆ ಮಾಡಿಸುವವರೆಗೆ ಬಳಸಿಕೊಳ್ಳಿ ಎಂದು ಕೊಟ್ಟಿದ್ದೇನೆ.

ಕೊಡಗಿನ ಮಳೆ

ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಿನಲ್ಲಿ ನಡುಪೊರೆ, ಎಡಗಣ್ಣಿನದು ಹೆಚ್ಚು ಬಲಿತಿದೆ ಎಂದರು. ಸಕ್ಕರೆ ಸರಿಯಿದೆ. ಗೇಟಿನ ಬಳಿ ನಿಂತವರು ಯಾರೆಂದು ಆರು ತಿಂಗಳಿಂದ ಗುರುತು ಸಿಗುತ್ತಿರಲಿಲ್ಲವಂತೆ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.